ಶೀಟಿನ ಹೆಸರು ಬದಲಾದಾಗ ಲೆಕ್ಕ ಎಲ್ಲಿ ತಪ್ಪುತ್ತದೆ?

ಶಿರಸಿ ಶೈಕ್ಷಣಿಕ ಜಿಲ್ಲೆಯ ಊರುಗಳ ಹೆಸರನ್ನು ನಾವು ಒಂದೇ ರೀತಿ ಬರೆಯುವುದಿಲ್ಲ. ಶಿರಸಿ, ಸಿರಸಿ, ಸಿರ್ಸಿ ಮೂರೂ ಬಳಕೆಯಲ್ಲಿವೆ. ಸಿದ್ದಾಪುರವನ್ನು ಕೆಲವರು ಮಹಾಪ್ರಾಣ ಹಾಕಿ ‘ಸಿದ್ಧಾಪುರ’ ಎನ್ನುತ್ತಾರೆ. ಯಲ್ಲಾಪುರ ಕೆಲವೆಡೆ ‘ಯಲ್ಲಾಪೂರ’ವಾಗುತ್ತದೆ. ಓದುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಅಭ್ಯಾಸ ಬೋಧನೆಯ ದಾಖಲೆಯನ್ನು ತಾಲ್ಲೂಕಿಗೊಂದು ಶೀಟಿನಂತೆ ಎಕ್ಸೆಲ್‌ನಲ್ಲಿ ಇಟ್ಟಿದ್ದರೆ, ಕಾಗುಣಿತ ತಿದ್ದುವ ಸಣ್ಣ ಕೆಲಸವೂ ಒಟ್ಟು ಲೆಕ್ಕವನ್ನು ಕೆಡಿಸಬಲ್ಲದು. ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ, ಕೆಟ್ಟಿದ್ದನ್ನು ಗುರುತಿಸುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಉದಾಹರಣೆಯ ವರ್ಕ್‌ಬುಕ್

abhyasa.xlsx ಎಂಬ ವರ್ಕ್‌ಬುಕ್ಕಿನಲ್ಲಿ ನಾಲ್ಕು ಶೀಟುಗಳಿವೆ ಎಂದುಕೊಳ್ಳಿ: ‘ಶಿರಸಿ’, ‘ಸಿದ್ಧಾಪುರ’, ‘ಯಲ್ಲಾಪುರ’ ಮತ್ತು ‘ಸಾರಾಂಶ’. ಪ್ರತಿ ತಾಲ್ಲೂಕಿನ ಶೀಟಿನಲ್ಲಿ ಪ್ರಶಿಕ್ಷಣಾರ್ಥಿಗೆ ಒಂದು ಸಾಲು. F ಕಾಲಮ್ಮಿನಲ್ಲಿ ಅವರು ಮುಗಿಸಿದ, ವೀಕ್ಷಕರ ಸಹಿಯಾದ ಪಾಠಗಳ ಸಂಖ್ಯೆ. F20ರಲ್ಲಿ ಮೊತ್ತ. ಶಿರಸಿಯಲ್ಲಿ 236, ಸಿದ್ದಾಪುರದಲ್ಲಿ 178, ಯಲ್ಲಾಪುರದಲ್ಲಿ 139, ಒಟ್ಟು 553 ಪಾಠಗಳು.

ಸಾರಾಂಶ ಶೀಟಿನ A2ರಿಂದ A4ರವರೆಗೆ ತಾಲ್ಲೂಕುಗಳ ಹೆಸರಿದೆ. ಮೊತ್ತವನ್ನು ಅಲ್ಲಿಗೆ ತರಲು ಎರಡು ದಾರಿಗಳಿವೆ. ಸಿದ್ದಾಪುರದ ಸಾಲಿನಲ್ಲಿ ಅವು ಹೀಗೆ ಕಾಣುತ್ತವೆ:

```
B3:  ='ಸಿದ್ಧಾಪುರ'!F20
C3:  =INDIRECT("'"&A3&"'!F20")
```

ಎರಡೂ ಸೂತ್ರಗಳು 178 ಎಂದೇ ತೋರಿಸುತ್ತವೆ. ಈಗ ‘ಸಿದ್ಧಾಪುರ’ ಎಂಬ ಟ್ಯಾಬಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ‘ಸಿದ್ದಾಪುರ’ ಎಂದು ತಿದ್ದಿ ಎಂಟರ್ ಒತ್ತಿದರೆ ಅವುಗಳ ದಾರಿ ಬೇರೆಯಾಗುತ್ತದೆ. B3ರ ಸೂತ್ರ ತಾನಾಗಿಯೇ ='ಸಿದ್ದಾಪುರ'!F20 ಎಂದಾಗುತ್ತದೆ. C3ರಲ್ಲಿ #REF! ಬರುತ್ತದೆ.

ವ್ಯತ್ಯಾಸ ಎಲ್ಲಿದೆ

B3ರಲ್ಲಿ ನಮ್ಮ ಕಣ್ಣಿಗೆ ಕಾಣುವುದು ಹೆಸರು. ಎಕ್ಸೆಲ್ ನೆನಪಿಟ್ಟುಕೊಂಡಿರುವುದು ಆ ಶೀಟನ್ನೇ. ತರಗತಿಯ ವಿದ್ಯಾರ್ಥಿಯನ್ನು ಮುಖ ನೋಡಿ ಗುರುತಿಸುವ ಶಿಕ್ಷಕರಿಗೆ ಹಾಜರಿಯಲ್ಲಿ ಹೆಸರು ತಿದ್ದಿದರೂ ಗೊಂದಲವಾಗುವುದಿಲ್ಲ, ಹಾಗೆ. C3ರಲ್ಲಿ ಶೀಟಿನ ಹೆಸರು ಬರೀ ಅಕ್ಷರಗಳ ಸಾಲು. INDIRECT ಪ್ರತಿ ಸಲವೂ A3ರಲ್ಲಿರುವ ಅಕ್ಷರಗಳನ್ನು ಓದಿ, ಆ ಹೆಸರಿನ ಶೀಟನ್ನು ಹುಡುಕುತ್ತದೆ. A3ರಲ್ಲಿ ಇನ್ನೂ ಹಳೆಯ ‘ಸಿದ್ಧಾಪುರ’ವೇ ಇದೆ. ಆ ಹೆಸರಿನ ಶೀಟು ಈಗ ಇಲ್ಲ.

ಈ ಲೇಖನದ ಉಳಿದೆಲ್ಲ ಮಾತೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಶೀಟನ್ನೇ ಹಿಡಿದಿರುವ ಸೂತ್ರ ಹೊಸ ಹೆಸರಿಗೆ ಹೊಂದಿಕೊಳ್ಳುತ್ತದೆ. ಹೆಸರನ್ನು ಅಕ್ಷರವಾಗಿ ಹಿಡಿದಿರುವುದು ಹಿಂದೆಯೇ ಉಳಿಯುತ್ತದೆ. ಹೀಗೆ ಹಿಂದುಳಿಯುವವುಗಳಲ್ಲಿ INDIRECT ಮಾತ್ರವಲ್ಲ, HYPERLINK ಸೂತ್ರದೊಳಗೆ ಬರೆದ ಶೀಟಿನ ಹೆಸರು, ಮ್ಯಾಕ್ರೋದಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದ ಹೆಸರು ಕೂಡ ಸೇರುತ್ತವೆ.

#REF! ಕಂಡರೆ ಒಳ್ಳೆಯದೇ, ತಪ್ಪು ತಾನೇ ಹೇಳಿಕೊಂಡಂತೆ. ಅಪಾಯವಿರುವುದು ಅದನ್ನು ಮುಚ್ಚಿಟ್ಟಾಗ. ಶೀಟು ಅಚ್ಚುಕಟ್ಟಾಗಿ ಕಾಣಲೆಂದು ಹಲವರು ಹೀಗೆ ಬರೆಯುತ್ತಾರೆ:

```
=IFERROR(INDIRECT("'"&A3&"'!F20"),0)
```

ಹೆಸರು ಬದಲಾದ ಮೇಲೆ ಇದು ಸೊನ್ನೆ ತೋರಿಸುತ್ತದೆ. ಒಟ್ಟು ಮೊತ್ತ 553 ಇದ್ದದ್ದು 375 ಆಗುತ್ತದೆ. ಎಲ್ಲಿಯೂ ದೋಷದ ಗುರುತಿಲ್ಲ. ಸಿದ್ದಾಪುರ ತಾಲ್ಲೂಕಿನ ಶಾಲೆಗಳಲ್ಲಿ ಪಾಠ ಮಾಡಿದ ಪ್ರಶಿಕ್ಷಣಾರ್ಥಿಗಳ 178 ಪಾಠಗಳು ವರದಿಯಿಂದಲೇ ಬಿಟ್ಟುಹೋಗುತ್ತವೆ. ಆದ್ದರಿಂದ ಇಂಥ ಕಡೆ 0ಯ ಬದಲು "ಶೀಟು ಸಿಕ್ಕಿಲ್ಲ" ಎಂದು ಬರೆಯುವುದು ಸುರಕ್ಷಿತ.

ಕಾಣದ ಅಕ್ಷರಗಳು

C3 ಸರಿಪಡಿಸಲು A3ರಲ್ಲಿ ಹೊಸ ಹೆಸರು ಬರೆದರೆ ಸಾಕು. ಹಾಗೆ ಬರೆದರೂ ಕೆಲವೊಮ್ಮೆ #REF! ಹೋಗುವುದಿಲ್ಲ. ಟ್ಯಾಬಿನ ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದ್ದರೆ ಎಕ್ಸೆಲ್‌ಗೆ ಅದು ಬೇರೆಯೇ ಹೆಸರು, ನಮಗೆ ಕಾಣುವುದಿಲ್ಲ. ಇದನ್ನು ತಿಳಿಯಲು ಟ್ಯಾಬಿನ ಹೆಸರನ್ನು ನಕಲಿಸಿ ಒಂದು ಖಾಲಿ ಸೆಲ್‌ನಲ್ಲಿ, ಉದಾಹರಣೆಗೆ H1ರಲ್ಲಿ, ಅಂಟಿಸಿ =LEN(H1) ಎಂದು ನೋಡಬೇಕು.

‘ಸಿದ್ದಾಪುರ’ಕ್ಕೆ LEN ತೋರಿಸಬೇಕಾದ್ದು 9. ಕಣ್ಣಿಗೆ ನಾಲ್ಕೇ ಅಕ್ಷರ ಕಂಡರೂ ಎಕ್ಸೆಲ್ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರದ ನಡುವಿನ ಹಲಂತ ಇವನ್ನೆಲ್ಲ ಬೇರೆ ಬೇರೆಯಾಗಿ ಎಣಿಸುತ್ತದೆ. 10 ಬಂದರೆ ಕಾಣದ ಒಂದು ಗುರುತು ಸೇರಿದೆ ಎಂದರ್ಥ. ಆದರೆ ‘ಸಿದ್ಧಾಪುರ’ಕ್ಕೂ 9 ಬರುವುದರಿಂದ ದ್ದ, ದ್ಧ ವ್ಯತ್ಯಾಸವನ್ನು LEN ಹಿಡಿಯದು. ಅದನ್ನು ಕಣ್ಣಿನಿಂದಲೇ ನೋಡಬೇಕು. ಹೆಸರನ್ನು ಮತ್ತೆ ಟೈಪ್ ಮಾಡದೆ ಟ್ಯಾಬಿನಿಂದಲೇ ನಕಲಿಸಿ A3ರಲ್ಲಿ ಅಂಟಿಸಿದರೆ ಎರಡೂ ತೊಂದರೆ ತಪ್ಪುತ್ತದೆ.

ಇದೇ ಎಣಿಕೆಯಿಂದ ಇನ್ನೊಂದು ಮಿತಿಯೂ ಬರುತ್ತದೆ. ಎಕ್ಸೆಲ್ ಶೀಟಿನ ಹೆಸರು 31 ಗುರುತುಗಳನ್ನು ಮೀರುವಂತಿಲ್ಲ. ‘ಸಿದ್ದಾಪುರ ತಾಲ್ಲೂಕು ಅಭ್ಯಾಸ ಬೋಧನೆ’ ಎಂಬ ಹೆಸರು ಚಿಕ್ಕದೆನಿಸಿದರೂ ಸರಿಯಾಗಿ 31 ಆಗುತ್ತದೆ. ಅದರ ಮುಂದೆ ವರ್ಷ ಸೇರಿಸಲು ಜಾಗವಿಲ್ಲ. 2024/25 ಎಂದು ಓರೆಗೆರೆ ಹಾಕಿ ಬರೆಯಲೂ ಆಗದು, ಏಕೆಂದರೆ ಹೆಸರಿನಲ್ಲಿ \ / ? * : [ ] ಇವುಗಳಿಗೆ ಅವಕಾಶವಿಲ್ಲ.

ಚಾರ್ಟುಗಳು

ಸಿದ್ದಾಪುರದ ಶೀಟಿನಿಂದ ನೇರವಾಗಿ ಬರೆದ ಚಾರ್ಟಿಗೆ ಹೆಸರು ಬದಲಾವಣೆಯಿಂದ ಏನೂ ಆಗುವುದಿಲ್ಲ. ಒಂದು ಕಂಬದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಸೂತ್ರಪಟ್ಟಿಯಲ್ಲಿ =SERIES( ಎಂದು ಶುರುವಾಗುವ ಸೂತ್ರ ಕಾಣುತ್ತದೆ. ಅದರೊಳಗೆ ಹೊಸ ಹೆಸರು ಬಂದಿರುತ್ತದೆ.

ಸಾರಾಂಶ ಶೀಟಿನ C ಕಾಲಮ್ಮಿನಿಂದ ಬರೆದ ಚಾರ್ಟಿನ ಸ್ಥಿತಿ ಬೇರೆ. ಅದರ SERIES ಸೂತ್ರ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅದು ಸೂಚಿಸುವುದು ಸಾರಾಂಶವನ್ನು. ಆದರೆ C3ರಲ್ಲಿ #REF! ಅಥವಾ ಸೊನ್ನೆ ಇರುವುದರಿಂದ ಸಿದ್ದಾಪುರದ ಕಂಬವೇ ಮಾಯವಾಗುತ್ತದೆ. ಆಗ ಚಾರ್ಟನ್ನು ರಿಪೇರಿ ಮಾಡಲು ಹೋಗಬಾರದು, C3ನ್ನು ಸರಿಮಾಡಬೇಕು. ಚಾರ್ಟಿನ ಶೀರ್ಷಿಕೆಯನ್ನು ಕೈಯಿಂದ ಟೈಪ್ ಮಾಡಿದ್ದರೆ ಅಲ್ಲಿ ಹಳೆಯ ಕಾಗುಣಿತವೇ ಉಳಿಯುತ್ತದೆ, ಅದನ್ನೂ ಕೈಯಿಂದಲೇ ತಿದ್ದಬೇಕು.

ಬೇರೆ ಕಡತದಿಂದ ಬರುವ ಲಿಂಕು

ಕಚೇರಿಯಲ್ಲಿ varadi.xlsx ಎಂಬ ಇನ್ನೊಂದು ಕಡತವಿದ್ದು, ಅದು ನಮ್ಮ ಮೊತ್ತವನ್ನು ಎಳೆದುಕೊಳ್ಳುತ್ತದೆ ಎಂದುಕೊಳ್ಳಿ:

```
='[abhyasa.xlsx]ಸಿದ್ಧಾಪುರ'!$F$20
```

ಹೆಸರು ಬದಲಿಸುವಾಗ ಅದೇ ಕಂಪ್ಯೂಟರಿನಲ್ಲಿ ಎರಡೂ ಕಡತಗಳು ತೆರೆದಿದ್ದರೆ ಈ ಸೂತ್ರವೂ ಹೊಸ ಹೆಸರಿಗೆ ತಿರುಗುತ್ತದೆ. ಬಳಿಕ ಎರಡನ್ನೂ ಉಳಿಸಬೇಕು. varadi.xlsx ಮುಚ್ಚಿದ್ದರೆ ಅದಕ್ಕೆ ಸುದ್ದಿಯೇ ತಲುಪುವುದಿಲ್ಲ. ಮುಂದೆ ಅದನ್ನು ತೆರೆದಾಗ ಲಿಂಕುಗಳನ್ನು ನವೀಕರಿಸಬೇಕೇ ಎಂದು ಎಕ್ಸೆಲ್ ಕೇಳುತ್ತದೆ. ‘ಬೇಡ’ ಎಂದರೆ ಕೊನೆಯ ಸಲ ಉಳಿದಿದ್ದ 178 ಹಾಗೆಯೇ ಕಾಣುತ್ತದೆ. ಆ ಬಳಿಕ ನಾವು ಹತ್ತು ಪಾಠ ಸೇರಿಸಿದರೂ ಕಚೇರಿಯ ಅಂಕಿ ಕದಲುವುದಿಲ್ಲ.

‘ನವೀಕರಿಸು’ ಎಂದರೆ #REF! ಬರಬಹುದು, ಅಥವಾ Select Sheet ಎಂಬ ಪೆಟ್ಟಿಗೆ ತೆರೆದು ಶೀಟನ್ನು ಆರಿಸಲು ಹೇಳಬಹುದು. ಅವಸರದಲ್ಲಿ ಮೊದಲಿಗಿರುವ ‘ಶಿರಸಿ’ಯನ್ನು ಒತ್ತಿದರೆ ಸಿದ್ದಾಪುರದ ಜಾಗದಲ್ಲಿ 236 ಬಂದು ಕೂರುತ್ತದೆ. ಅಂಕಿ ನಂಬುವಂತೆಯೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಸರಿಪಡಿಸುವಾಗ ಎರಡೂ ಕಡತ ತೆರೆದಿಟ್ಟು, varadi.xlsxನಲ್ಲಿ Ctrl+H ಒತ್ತಿ ]ಸಿದ್ಧಾಪುರ' ಎಂಬುದನ್ನು ]ಸಿದ್ದಾಪುರ' ಎಂದು ಬದಲಿಸುವುದು ಸರಳ. ಆವರಣ ಚಿಹ್ನೆಯನ್ನು ಸೇರಿಸುವುದರಿಂದ ಬೇರೆ ಬರಹಕ್ಕೆ ಕೈ ಬೀಳುವುದಿಲ್ಲ. ತಪ್ಪು ಶೀಟು ಆರಿಸಿಯಾಗಿದ್ದರೆ ಸೂತ್ರದಲ್ಲಿ ಈಗ ‘ಶಿರಸಿ’ ಎಂದಿರುತ್ತದೆ. ಆಗ ಆ ಸೆಲ್ ಒಂದನ್ನೇ ಕೈಯಿಂದ ತಿದ್ದಬೇಕು.

ಗೂಗಲ್ ಶೀಟ್ಸ್ ಬಳಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ಅಲ್ಲಿ IMPORTRANGE ಸೂತ್ರದಲ್ಲಿ ಶೀಟಿನ ಹೆಸರು ಉದ್ಧರಣ ಚಿಹ್ನೆಯೊಳಗಿನ ಬರಹ. ಎರಡೂ ಕಡತ ತೆರೆದಿದ್ದರೂ ಅದು ತಾನಾಗಿ ಬದಲಾಗುವುದಿಲ್ಲ.

ಪರಿಶೀಲನೆಯ ಕ್ರಮ

ಹೆಸರು ಬದಲಿಸುವ ಮೊದಲು ಕಡತದ ಒಂದು ಪ್ರತಿ ತೆಗೆದಿಟ್ಟು, ಮೂರು ತಾಲ್ಲೂಕುಗಳ ಮೊತ್ತವನ್ನೂ ಒಟ್ಟನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಬದಲಿಸಿದ ಮೇಲೆ ಹೀಗೆ ಮಾಡಿ.

1. Ctrl+F ಒತ್ತಿ, Options ತೆರೆದು, Within ಎಂಬಲ್ಲಿ Workbook, Look in ಎಂಬಲ್ಲಿ Formulas ಆರಿಸಿ ಹಳೆಯ ಹೆಸರನ್ನು ಹುಡುಕಿ. ನೇರ ಸೂತ್ರಗಳು ಈಗಾಗಲೇ ಬದಲಾಗಿರುವುದರಿಂದ ಸಿಗುವುದೆಲ್ಲ ಹಿಂದುಳಿದವುಗಳೇ. ನಮ್ಮ ಉದಾಹರಣೆಯಲ್ಲಿ A3 ಸಿಗುತ್ತದೆ. INDIRECT ಎಂಬ ಪದವನ್ನೂ ಒಮ್ಮೆ ಹುಡುಕಿ.

2. Look in ಎಂಬಲ್ಲಿ Values ಆರಿಸಿ #REF! ಹುಡುಕಿ. IFERROR ಮುಚ್ಚಿಟ್ಟದ್ದು ಇದರಲ್ಲಿ ಸಿಗುವುದಿಲ್ಲ ಎಂಬುದು ನೆನಪಿರಲಿ.

3. ಅದಕ್ಕಾಗಿಯೇ ಅಂಕಿಯನ್ನು ಕದಲಿಸಿ ನೋಡಬೇಕು. ಸಿದ್ದಾಪುರ ಶೀಟಿನ F5ರಲ್ಲಿ 20 ಇದ್ದರೆ 120 ಎಂದು ಬರೆಯಿರಿ. ಸಾರಾಂಶದಲ್ಲಿ 178 ಹೋಗಿ 278 ಬರಬೇಕು, ಒಟ್ಟು 653 ಆಗಬೇಕು, ಚಾರ್ಟಿನ ಕಂಬ ಏರಬೇಕು, ತೆರೆದಿರುವ varadi.xlsxನಲ್ಲೂ 278 ಬರಬೇಕು. ಯಾವುದು ಕದಲಲಿಲ್ಲವೋ ಅದರ ಕೊಂಡಿ ಕಳಚಿದೆ. ನೋಡಿದ ಕೂಡಲೇ Ctrl+Z ಒತ್ತಿ 20 ಮರಳಿತೇ ಎಂದು ಖಚಿತಪಡಿಸಿಕೊಳ್ಳಿ. ಕಾಗದದ ಮೇಲಿನ ಅಂಕಿಗಳೊಂದಿಗೆ ತಾಳೆ ನೋಡಿ ಉಳಿಸಿ.

ತರಗತಿಯಲ್ಲಿ

ಇದನ್ನು 40 ನಿಮಿಷದ ಒಂದು ಅಭ್ಯಾಸ ಪಾಠವಾಗಿ ತೆಗೆದುಕೊಳ್ಳಬಹುದು. ಮೇಲಿನ ನಾಲ್ಕು ಶೀಟುಗಳನ್ನು ಸಿದ್ಧಪಡಿಸಿ, B ಮತ್ತು C ಕಾಲಮ್ಮುಗಳು ಒಂದೇ ಉತ್ತರ ಕೊಡುವುದನ್ನು ಮೊದಲು ತೋರಿಸಿ. ಹೆಸರು ಬದಲಿಸಿದರೆ ಯಾವುದು ಉಳಿಯುತ್ತದೆ ಎಂದು ಪ್ರತಿ ಪ್ರಶಿಕ್ಷಣಾರ್ಥಿ ಕಾರಣಸಹಿತ ಬರೆಯಲಿ. ಆ ಮೇಲೆ ಹೆಸರು ಬದಲಿಸಿ. ಕೊನೆಗೆ IFERROR ಇರುವ ಇನ್ನೊಂದು ಕಡತ ಕೊಟ್ಟು, ಯಾವ ದೋಷವೂ ಕಾಣದ ಆ ಕಡತದಲ್ಲಿ ಕಳೆದುಹೋದ 178 ಪಾಠಗಳನ್ನು ಹುಡುಕಲು ಹೇಳಿ. ಹೆಸರು ಬದಲಿಸಲು ಬಂದಿತೇ ಎಂಬುದಕ್ಕಲ್ಲ, ಕಳೆದದ್ದನ್ನು ಯಾವ ಪರೀಕ್ಷೆಯಿಂದ ಕಂಡುಹಿಡಿದರು ಎಂಬುದಕ್ಕೆ ಅಂಕ ಕೊಡಿ.