ಜಾಮೀನು ನಿಂತದ್ದು ಹತ್ತು ಲಕ್ಷಕ್ಕೆ, ನೋಟಿಸ್ ಬಂದದ್ದು ಇಪ್ಪತ್ತೆರಡಕ್ಕೆ

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ ಎಂದು ಇಟ್ಟುಕೊಳ್ಳೋಣ. 2017ರ ಜೂನ್‌ನಲ್ಲಿ ಮಾಲೀಕರು ಬ್ಯಾಂಕಿನಿಂದ ಹತ್ತು ಲಕ್ಷ ರೂಪಾಯಿ ಮಿತಿಯ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಸಾಲ ಪಡೆದರು. ಅವರ ಹೆಂಡತಿಯ ತಮ್ಮ ಶಾಲಾ ಮಾಸ್ತರರು. ಭಾವ ಕೇಳಿದರೆಂದು ಹತ್ತು ಲಕ್ಷದವರೆಗೆ ಜಾಮೀನು ನಿಂತರು. 2019ರ ಆಗಸ್ಟ್‌ನಲ್ಲಿ ಬ್ಯಾಂಕು, ಮಾಲೀಕರು ಇಬ್ಬರೇ ಕೂತು ಮಿತಿಯನ್ನು 18 ಲಕ್ಷಕ್ಕೆ ಏರಿಸಿಕೊಂಡರು. ಮಾಸ್ತರರನ್ನು ಯಾರೂ ಕೇಳಲಿಲ್ಲ. 2023ರಲ್ಲಿ ಗಿರಣಿ ನಿಂತಿತು, ಖಾತೆ ಎನ್‌ಪಿಎ ಆಯಿತು. ಬ್ಯಾಂಕಿನ ವಕೀಲರಿಂದ ಮಾಸ್ತರರಿಗೆ ರೀಕಾಲ್ ನೋಟಿಸ್ ಬಂತು: ಬಡ್ಡಿ ಸೇರಿ 22,60,000 ರೂಪಾಯಿ, ಹದಿನೈದು ದಿನದೊಳಗೆ ಕಟ್ಟಬೇಕು.

ಇದು ಕಟ್ಟಿಕೊಂಡ ಉದಾಹರಣೆ. ಆದರೆ ಇಂಥ ನೋಟಿಸು ಕೈಯಲ್ಲಿ ಹಿಡಿದು ವಕೀಲರ ಕಚೇರಿಗೆ ಬರುವ ಜಾಮೀನುದಾರರು ಬಹಳ. ಅವರ ಬಾಯಿಂದ ಮೊದಲು ಬರುವ ಮಾತು ಒಂದೇ: “ಸಾಲ ತಗೊಂಡವನು ಅವನು. ಮೊದಲು ಅವನ ಗಿರಣಿ ಮಾರಿ, ಉಳಿದರೆ ನನ್ನ ಹತ್ರ ಬನ್ನಿ.” ನ್ಯಾಯವೆನಿಸುವ ಈ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಸಾಲಗಾರನಿಂದ ವಸೂಲಿಯ ದಾರಿಗಳೆಲ್ಲ ಮುಗಿದ ಮೇಲೇ ಜಾಮೀನುದಾರನ ಬಾಗಿಲಿಗೆ ಹೋಗಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಹೇಳಿತು. ಜಾಮೀನಿಗೆ ಅರ್ಥ ಬರುವುದೇ ಬ್ಯಾಂಕಿಗೆ ಕೂಡಲೇ ಹಣ ಕೇಳುವ ಹಕ್ಕಿದ್ದಾಗ ಎಂಬುದು ಅದರ ತರ್ಕ.

ಮಾಸ್ತರರಿಗೆ ನಿಜವಾದ ಉತ್ತರ ಸಿಗುವುದು ಅದೇ ಕಾಯ್ದೆಯ 133ನೇ ಕಲಮಿನಲ್ಲಿ.

ತಾರೀಖು ಬದಲಾದರೂ ಸಾಕು

ಸಾಲಗಾರ ಮತ್ತು ಸಾಲ ಕೊಟ್ಟವನು ಜಾಮೀನುದಾರನ ಒಪ್ಪಿಗೆಯಿಲ್ಲದೆ ತಮ್ಮ ಕರಾರಿನ ಷರತ್ತು ಬದಲಾಯಿಸಿದರೆ, ಆ ಬದಲಾವಣೆಯ ನಂತರದ ವ್ಯವಹಾರಗಳ ಮಟ್ಟಿಗೆ ಜಾಮೀನುದಾರ ಬಿಡುಗಡೆಯಾಗುತ್ತಾನೆ ಎನ್ನುತ್ತದೆ ಈ ಕಲಂ. ಕಾಯ್ದೆಯೇ ಕೊಡುವ ಒಂದು ಉದಾಹರಣೆ ಹೀಗಿದೆ. ಮಾರ್ಚ್ 1ರಂದು 5,000 ರೂಪಾಯಿ ಸಾಲ ಕೊಡುವುದಾಗಿ ಒಬ್ಬ ಒಪ್ಪಿದ್ದಾನೆ, ಅದಕ್ಕೆ ಇನ್ನೊಬ್ಬ ಜಾಮೀನು ನಿಂತಿದ್ದಾನೆ. ಸಾಲ ಕೊಡುವವನು ಜನವರಿ 1ಕ್ಕೇ ಹಣ ಕೊಟ್ಟುಬಿಡುತ್ತಾನೆ. ಮೊತ್ತ ಅದೇ, ಮನುಷ್ಯರು ಅವರೇ. ಆದರೂ ಜಾಮೀನುದಾರ ಬಿಡುಗಡೆಯಾದ, ಏಕೆಂದರೆ ಮಾರ್ಚ್‌ಗಿಂತ ಮುಂಚೆಯೇ ಹಣ ವಾಪಸು ಕೇಳಿ ದಾವೆ ಹೂಡುವ ಸಾಧ್ಯತೆ ಹುಟ್ಟಿಕೊಂಡಿತು. ಅಂಥ ಸಾಲಕ್ಕೆ ಅವನು ಸಹಿ ಹಾಕಿರಲಿಲ್ಲ.

ಹಾಗೆಂದು ಎಲ್ಲ ಬದಲಾವಣೆಯೂ ಇದರಡಿ ಬರುವುದಿಲ್ಲ. ಥಾಮ್ಕೋಸ್ ಬ್ಯಾಂಕಿನ ಪ್ರಕರಣದಲ್ಲಿ ಜಾಮೀನು ಪತ್ರದಲ್ಲಿದ್ದ 25,000 ರೂಪಾಯಿಯನ್ನು ಸಾಲಗಾರ 20,000ಕ್ಕೆ ತಿದ್ದಿದ್ದ. ಜಾಮೀನುದಾರನ ಹೊಣೆ ಇದರಿಂದ ಇಳಿದದ್ದರಿಂದ ಅವನಿಗೆ ಬಿಡುಗಡೆ ಇಲ್ಲವೆಂದು 1963ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಮಾನಿಸಿತು. ಬಡ್ಡಿ ದರ ಮಾರುಕಟ್ಟೆಯಂತೆ ಏರಿಳಿಯುತ್ತದೆಂದು ಮೂಲ ಕರಾರಿನಲ್ಲೇ ಇದ್ದರೆ, ದರ ಏರಿದ್ದು ಷರತ್ತಿನ ಬದಲಾವಣೆಯಲ್ಲ, ಷರತ್ತಿನ ಪಾಲನೆ. ಬ್ಯಾಂಕು ಸಾಲಗಾರನ ಮೇಲೆ ಕ್ರಮ ಕೈಗೊಳ್ಳದೆ ಸುಮ್ಮನೆ ಕೂತದ್ದೂ ಜಾಮೀನುದಾರನನ್ನು ಬಿಡಿಸುವುದಿಲ್ಲ. 137ನೇ ಕಲಂ ಅದನ್ನು ನೇರವಾಗಿ ಹೇಳುತ್ತದೆ. ಸಾಲಗಾರನೊಂದಿಗೆ ಹೊಸದಾಗಿ ಒಪ್ಪಂದ ಮಾಡಿಕೊಂಡು ಕಂತಿನ ಅವಧಿ ವಿಸ್ತರಿಸಿದರೆ ಮಾತು ಬೇರೆ. ಆಗ 135ನೇ ಕಲಂ ಜಾಮೀನುದಾರನ ನೆರವಿಗೆ ಬರುತ್ತದೆ.

ಹತ್ತು ಲಕ್ಷದ ಮಿತಿ ಹದಿನೆಂಟು ಲಕ್ಷವಾದದ್ದು ಜಾಮೀನುದಾರನಿಗೆ ಅನುಕೂಲದ ಬದಲಾವಣೆ ಎನ್ನಲು ಸಾಧ್ಯವಿಲ್ಲ. ಗಿರಣಿಯ ಮೇಲೆ ಸಾಲದ ಭಾರ ಹೆಚ್ಚಿದಷ್ಟೂ ಮೊದಲ ಹತ್ತು ಲಕ್ಷ ವಾಪಸು ಬರುವ ಸಾಧ್ಯತೆಯೂ ಕುಗ್ಗುತ್ತದೆ.

ಮುಂಗಡ ಒಪ್ಪಿಗೆಯ ಷರತ್ತು

ಬ್ಯಾಂಕಿನ ಕೈಯಲ್ಲೂ ಒಂದು ಅಸ್ತ್ರ ಇರುತ್ತದೆ. ಅಚ್ಚಾದ ಜಾಮೀನು ಪತ್ರಗಳಲ್ಲಿ ಸಾಮಾನ್ಯವಾಗಿ ಇಂಥದೊಂದು ಷರತ್ತು ಅಡಗಿರುತ್ತದೆ: ಬ್ಯಾಂಕು ಜಾಮೀನುದಾರನಿಗೆ ತಿಳಿಸದೆ ಸಾಲದ ಷರತ್ತು ಬದಲಾಯಿಸಬಹುದು, ಕಾಲಾವಕಾಶ ಕೊಡಬಹುದು, ಜಾಮೀನುದಾರ 133, 135, 141 ಮುಂತಾದ ಕಲಮುಗಳ ಹಕ್ಕನ್ನು ಬಿಟ್ಟುಕೊಟ್ಟಿದ್ದಾನೆ. ಹೀಗೆ ಹಕ್ಕು ಬಿಟ್ಟುಕೊಡಲು ಅಡ್ಡಿಯಿಲ್ಲವೆಂದು ಬ್ಯಾಂಕ್ ಆಫ್ ಬರೋಡಾದ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಜಾಮೀನನ್ನು ಹಿಂಪಡೆಯುವ ಹಕ್ಕಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು.

ಆದ್ದರಿಂದ ಪೆನ್ನು ಹಿಡಿಯುವ ಮುಂಚೆ ಜಾಮೀನು ಪತ್ರದ ಪ್ರತಿ ಓದಬೇಕು. ಷರತ್ತು ಏನನ್ನು ಒಳಗೊಂಡಿದೆ? “ಕಾಲಾವಕಾಶ ಕೊಡಬಹುದು” ಎಂದಷ್ಟೇ ಇದ್ದರೆ ಅದರೊಳಗೆ ಮಿತಿ ಏರಿಕೆಯನ್ನು ತುರುಕಲಾಗದು ಎಂದು ವಾದಿಸಬಹುದು. ಅಸ್ಪಷ್ಟ ಮಾತಿದ್ದಾಗ ಕರಾರು ಬರೆದವರ ವಿರುದ್ಧ ಅರ್ಥ ಮಾಡುವುದು ನ್ಯಾಯಾಲಯಗಳ ಹಳೆಯ ರೂಢಿ. ಜಾಮೀನು ಪತ್ರದಲ್ಲೇ ಹತ್ತು ಲಕ್ಷದ ಮೇಲ್ಮಿತಿ ಬರೆದಿದ್ದರೆ ಷರತ್ತು ಎಷ್ಟೇ ವಿಶಾಲವಾಗಿದ್ದರೂ ಆ ಮಿತಿ ಉಳಿಯುತ್ತದೆ.

ಇನ್ನೊಂದು ಹುಡುಕಾಟವೂ ಬೇಕು. 2019ರ ನಂತರ ಜಾಮೀನುದಾರ ಏನಾದರೂ ಕಾಗದಕ್ಕೆ ಸಹಿ ಹಾಕಿದ್ದಾರೆಯೇ? ಸಾಲದ ಬಾಕಿ ಒಪ್ಪುವ ಪತ್ರಗಳಿಗೆ ಬ್ಯಾಂಕುಗಳು ಆಗಾಗ ಸಹಿ ಪಡೆಯುತ್ತವೆ. ಅದರಲ್ಲಿ 18 ಲಕ್ಷದ ಮಿತಿ ನಮೂದಾಗಿದ್ದು ಕೆಳಗೆ ಮಾಸ್ತರರ ಸಹಿ ಇದ್ದರೆ, “ನನಗೆ ಗೊತ್ತೇ ಇರಲಿಲ್ಲ” ಎಂಬ ಉತ್ತರ ಅವರಿಗೇ ತಿರುಗಿ ಬೀಳುತ್ತದೆ.

ಉತ್ತರದಲ್ಲಿ ಏನಿರಬೇಕು

ಉತ್ತರ ಬ್ಯಾಂಕಿನ ವಕೀಲರಿಗೆ ಹೋಗಬೇಕು, ಪ್ರತಿ ಶಾಖಾ ವ್ಯವಸ್ಥಾಪಕರಿಗೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಬೇಕು. ಮಾಸ್ತರರ ಪರವಾಗಿ ಬರೆಯುವ ಉತ್ತರದ ತಿರುಳು ಹೀಗಿರುತ್ತದೆ:

“ನನ್ನ ಕಕ್ಷಿದಾರರು 2017ರ ಜೂನ್‌ನಲ್ಲಿ ಹತ್ತು ಲಕ್ಷ ರೂಪಾಯಿ ಮಿತಿಯ ಸಿಸಿ ಸಾಲಕ್ಕೆ, ಆ ಮೊತ್ತಕ್ಕೆ ಸೀಮಿತವಾಗಿ ಜಾಮೀನು ನಿಂತದ್ದು ನಿಜ. 2019ರ ಆಗಸ್ಟ್‌ನಲ್ಲಿ ನಿಮ್ಮ ಬ್ಯಾಂಕು ಸದರಿ ಮಿತಿಯನ್ನು 18 ಲಕ್ಷಕ್ಕೆ ಏರಿಸಿದೆ. ಇದಕ್ಕೆ ನನ್ನ ಕಕ್ಷಿದಾರರ ಒಪ್ಪಿಗೆ ಕೇಳಿಲ್ಲ, ಪಡೆದಿಲ್ಲ. ಕರಾರು ಕಾಯ್ದೆಯ 133ನೇ ಕಲಂ ಪ್ರಕಾರ ಆ ದಿನದ ನಂತರದ ವ್ಯವಹಾರಗಳಿಗೆ ಅವರು ಹೊಣೆಯಲ್ಲ. ಅವರು ಒಪ್ಪಿದ್ದಾರೆಂದು ನೀವು ಹೇಳುವುದಾದರೆ ಆ ದಾಖಲೆಯ ಪ್ರತಿ ಕಳಿಸಿ.”

ಇದರ ಹಿಂದೆಯೇ ದಾಖಲೆಗಳ ಪಟ್ಟಿ ಬರಬೇಕು: ಜಾಮೀನು ಪತ್ರ, 2017 ಮತ್ತು 2019ರ ಮಂಜೂರಾತಿ ಪತ್ರಗಳು, ಸಾಲದ ಖಾತೆಯ ಆರಂಭದಿಂದ ಇಂದಿನವರೆಗಿನ ಪೂರ್ಣ ಲೆಡ್ಜರ್, ಅಡಮಾನವಾಗಿ ಇಟ್ಟ ಭತ್ತ-ಅಕ್ಕಿ ದಾಸ್ತಾನಿನ ತಪಾಸಣಾ ವರದಿಗಳು. ಕೊನೆಯದನ್ನು ಕೇಳಲು ಕಾರಣವಿದೆ. ಬ್ಯಾಂಕು ತನ್ನ ಬಳಿಯಿದ್ದ ಭದ್ರತೆಯನ್ನು ಕಳೆದುಕೊಂಡರೆ ಅಥವಾ ಕೈಬಿಟ್ಟರೆ, ಅದರ ಬೆಲೆಯಷ್ಟು ಹೊಣೆ ಜಾಮೀನುದಾರನಿಂದ ಕಳೆಯುತ್ತದೆ ಎಂದು 141ನೇ ಕಲಂ ಹೇಳುತ್ತದೆ.

ಬರೆಯಬಾರದ ಮಾತೂ ಒಂದಿದೆ: “ಸ್ವಲ್ಪ ಸಮಯ ಕೊಡಿ, ಕಟ್ಟುತ್ತೇನೆ.” ಕಾಲಮಿತಿ ಮುಗಿಯುವ ಮುಂಚೆ ಸಹಿ ಮಾಡಿ ಹೊಣೆ ಒಪ್ಪಿಕೊಂಡರೆ ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ ದಾವೆಯ ಗಡುವು ಆ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ. ಜೊತೆಗೆ ಒಪ್ಪಿಗೆಯಿಲ್ಲವೆಂಬ ವಾದವೂ ಸಡಿಲವಾಗುತ್ತದೆ. ರಾಜಿಯ ಮಾತಿದ್ದರೆ, ಹಕ್ಕುಗಳಿಗೆ ಬಾಧೆಯಿಲ್ಲದಂತೆ ಎಂದು ಬರೆದು ಬೇರೆ ಪತ್ರದಲ್ಲಿ ಆಡಬೇಕು.

ಲೆಡ್ಜರ್ ಹೇಳುವ ಕಥೆ

133ನೇ ಕಲಂ ಬಿಡಿಸುವುದು ಬದಲಾವಣೆಯ ನಂತರದ ವ್ಯವಹಾರಗಳಿಂದ ಮಾತ್ರ. ಮುಂಚಿನ ಬಾಕಿ ತಾನಾಗಿ ಮಾಯವಾಗುವುದಿಲ್ಲ. ಹೀಗಾಗಿ “ನನ್ನ ಹೊಣೆ ಪೂರ್ತಿ ಮುಗಿದಿದೆ” ಎಂದು ಒಂದೇ ಮಾತಿಗೆ ಜೋತುಬೀಳುವುದಕ್ಕಿಂತ ಉತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವುದು ಜಾಣತನ.

ಮೊದಲ ಮೆಟ್ಟಿಲು ಮೇಲ್ಮಿತಿ. ಬ್ಯಾಂಕಿನ ವಾದವನ್ನೆಲ್ಲ ಒಪ್ಪಿದರೂ ಮಾಸ್ತರರ ಹೊಣೆ 22.60 ಲಕ್ಷವಲ್ಲ, ಹತ್ತು ಲಕ್ಷ. ಅದರ ಮೇಲೆ ಬಡ್ಡಿ ಬೀಳುತ್ತದೆಯೇ, ಯಾವಾಗಿನಿಂದ ಎಂಬುದನ್ನು ಜಾಮೀನು ಪತ್ರ ಹೇಳಬೇಕು. ಎರಡನೆಯದು ತಾರೀಖು. ಮಿತಿ ಏರಿದ ದಿನ ಖಾತೆಯಲ್ಲಿ ಬಾಕಿ ಇದ್ದದ್ದು 9,40,000 ರೂಪಾಯಿ ಎಂದಿಟ್ಟುಕೊಳ್ಳಿ. 133ನೇ ಕಲಂ ಅನ್ವಯವಾದರೆ ಹೊಣೆ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯ ಮೆಟ್ಟಿಲನ್ನು ಬಹುತೇಕ ಉತ್ತರಗಳು ಮರೆತುಬಿಡುತ್ತವೆ. ಸಿಸಿ ಖಾತೆ ಹರಿಯುವ ಖಾತೆ. ಮಾರಾಟದ ಹಣ ಒಳಗೆ ಬರುತ್ತದೆ, ಭತ್ತ ಕೊಳ್ಳಲು ಹೊರಗೆ ಹೋಗುತ್ತದೆ. ಮಿತಿ ಏರಿದ ಮುಂದಿನ ಒಂದು ವರ್ಷದಲ್ಲಿ ಗಿರಣಿಯಿಂದ 26 ಲಕ್ಷ ಜಮೆಯಾಗಿತ್ತು ಎನ್ನೋಣ. ಹಣ ಯಾವ ಸಾಲಕ್ಕೆಂದು ಕಟ್ಟಿದವರೂ ಪಡೆದವರೂ ಗೊತ್ತುಮಾಡದಿದ್ದರೆ, ಅದು ಹಳೆಯ ಸಾಲದಿಂದ ಶುರುವಾಗಿ ತಾರೀಖಿನ ಕ್ರಮದಲ್ಲಿ ತೀರುತ್ತಾ ಹೋಗುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 61ನೇ ಕಲಂ. ಹಾಗಾದರೆ 9.40 ಲಕ್ಷದ ಹಳೆಯ ಬಾಕಿ ಕೆಲವೇ ತಿಂಗಳಲ್ಲಿ ತೀರಿಹೋಗಿದೆ, ಈಗ ಉಳಿದಿರುವುದೆಲ್ಲ ಆಗಸ್ಟ್ 2019ರ ನಂತರ ಎತ್ತಿದ ಹಣ. ಅದಕ್ಕೆ ಮಾಸ್ತರರು ಹೊಣೆಯಲ್ಲ ಎಂದು ಉತ್ತರದಲ್ಲಿ ಬರೆಯಬಹುದು. ಬ್ಯಾಂಕು ಇದಕ್ಕೆ ಎದುರಾಗಿ, ಖಾತೆಯ ಅಂತಿಮ ಬಾಕಿಗೆ ಹೊಣೆ ಎಂಬ ಷರತ್ತನ್ನು ಜಾಮೀನು ಪತ್ರದಿಂದ ತೋರಿಸಲು ನೋಡುತ್ತದೆ. ಆ ಷರತ್ತು ಇದೆಯೇ ಎಂಬುದರ ಮೇಲೆ ಮೂರನೆಯ ಮೆಟ್ಟಿಲಿನ ಗಟ್ಟಿತನ ನಿಂತಿದೆ.

ಉತ್ತರದ ನಂತರ

ಉತ್ತರ ಓದಿ ಬ್ಯಾಂಕು ನೋಟಿಸ್ ವಾಪಸು ಪಡೆಯುವುದು ಅಪರೂಪ. 20 ಲಕ್ಷ ಮತ್ತು ಮೇಲ್ಪಟ್ಟ ಬಾಕಿಗೆ ಅದು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗುತ್ತದೆ; ಅದಕ್ಕಿಂತ ಕಡಿಮೆಗೆ ಸಿವಿಲ್ ನ್ಯಾಯಾಲಯಕ್ಕೆ. ಬೇಡಿಕೆ ಬಂದ ಮೇಲೆ ಕೊಡುತ್ತೇನೆ ಎಂಬ ಜಾಮೀನಿನಲ್ಲಿ ಕಾಲಮಿತಿ ಶುರುವಾಗುವುದು ಬೇಡಿಕೆಯ ನಂತರವೇ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದಿಂದ ಹೋದ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ “ಸಾಲ ಹಳೆಯದಾಯಿತು” ಎಂಬ ವಾದವನ್ನು ನಂಬಿ ಕೂರಬಾರದು.

ಜಾಮೀನುದಾರ ತನ್ನ ಮನೆಯನ್ನೂ ಅಡವಿಟ್ಟಿದ್ದರೆ ಸರ್ಫೇಸಿ ಕಾಯ್ದೆಯಡಿ 60 ದಿನಗಳ ಬೇರೆಯೇ ನೋಟಿಸ್ ಬರುತ್ತದೆ. ಅದಕ್ಕೆ ಪ್ರತ್ಯೇಕ ಆಕ್ಷೇಪಣೆ ಸಲ್ಲಿಸಬೇಕು. ಬ್ಯಾಂಕು 15 ದಿನದಲ್ಲಿ ಕಾರಣ ಸಹಿತ ಉತ್ತರಿಸಬೇಕು. ಮುಂದೆ ಬ್ಯಾಂಕು ಸ್ವಾಧೀನದ ಕ್ರಮಕ್ಕಿಳಿದರೆ 45 ದಿನದೊಳಗೆ ಡಿಆರ್‌ಟಿಗೆ ಹೋಗಬೇಕು. ರೀಕಾಲ್ ನೋಟಿಸಿಗೆ ಕೊಟ್ಟ ಉತ್ತರ ಇದಕ್ಕೂ ಆಯಿತೆಂದು ತಿಳಿದರೆ ಗಡುವು ಕೈತಪ್ಪುತ್ತದೆ.

ಮಿತಿ ಏರಿದ ಸುದ್ದಿ ತಿಳಿದೂ ಇನ್ನೂ ನೋಟಿಸ್ ಬಾರದ ಜಾಮೀನುದಾರರಿಗೆ 130ನೇ ಕಲಂ ಒಂದು ದಾರಿ ಕೊಡುತ್ತದೆ. ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸ್ ಕೊಟ್ಟು ಹಿಂಪಡೆಯಬಹುದು, ಆ ಹಕ್ಕನ್ನು ಜಾಮೀನು ಪತ್ರದಲ್ಲೇ ಬಿಟ್ಟುಕೊಟ್ಟಿರದಿದ್ದರೆ. ಪತ್ರ ಬ್ಯಾಂಕಿಗೆ ಮುಟ್ಟುವವರೆಗಿನ ಬಾಕಿಯ ಹೊಣೆ ಉಳಿಯುತ್ತದೆ, ನಂತರ ಎತ್ತಿದ ಹಣದ್ದು ಉಳಿಯುವುದಿಲ್ಲ.