ಮೋಟಾರ್ ಎತ್ತಲು ನೀವೇ ಬರುತ್ತೀರಾ?
ಗೂಗಲ್‌ನಲ್ಲಿರುವ ಅಂಗಡಿಯ ಪರಿಚಯವನ್ನು ತಿದ್ದಿ ಬರೆಯುವ ಬಗೆ

ಏಪ್ರಿಲ್ ತಿಂಗಳ ಬಿಸಿಲಲ್ಲಿ ತೆಂಗಿನ ತೋಟದ ಮೋಟಾರ್ ನಿಂತುಹೋದರೆ ರೈತನಿಗೆ ಕಾಯುವಷ್ಟು ಸಮಯವಿರುವುದಿಲ್ಲ. ವೋಲ್ಟೇಜ್ ಕಡಿಮೆಯಿರುವಾಗಲೂ ಪಂಪ್ ಓಡಿ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ಮೂರರಲ್ಲಿ ಒಂದು ಫೇಸ್ ಹೋಗಿದ್ದಿರಬಹುದು. ಕಾರಣ ಯಾವುದೇ ಇರಲಿ, ಮೋಟಾರನ್ನು ಕೊಳವೆಬಾವಿಯಿಂದ ಎತ್ತಬೇಕು, ರಿವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಪರಿಚಯದ ಮೆಕ್ಯಾನಿಕ್ ಸಿಗದಿದ್ದರೆ ಮನೆಯ ಹುಡುಗರು ಫೋನ್ ತೆಗೆದು motor rewinding near me ಎಂದೋ, ಬೋರ್‌ವೆಲ್ ಮೋಟಾರ್ ರಿಪೇರಿ ಎಂದೋ ಹುಡುಕುತ್ತಾರೆ. ಪರದೆಯ ಮೇಲೆ ನಾಲ್ಕೈದು ಅಂಗಡಿಗಳು ಬರುತ್ತವೆ. ಆ ಹೊತ್ತಿಗೆ ಅವರಿಗೆ ಬೇಕಿರುವುದು ಮೂರೇ ಸಂಗತಿ: ಈ ಅಂಗಡಿಯವರು ನಮ್ಮ ಕೆಲಸ ಮಾಡುತ್ತಾರೋ, ನಮ್ಮೂರಿಗೆ ಬರುತ್ತಾರೋ, ಈಗ ಬಾಗಿಲು ತೆಗೆದಿದೆಯೋ.

ತಿಪಟೂರಿನಲ್ಲಿ ಇಂಥದೊಂದು ಅಂಗಡಿ ಇದೆ ಎಂದು ಊಹಿಸಿಕೊಳ್ಳೋಣ. ಅದರ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಮಾಲೀಕರು ಹೀಗೆ ಬರೆದಿದ್ದಾರೆ:

‘ನಮ್ಮ ಸಂಸ್ಥೆಯು ಹಲವಾರು ವರ್ಷಗಳಿಂದ ಗ್ರಾಹಕರ ವಿಶ್ವಾಸಕ್ಕೆ ಪಾತ್ರವಾಗಿದ್ದು, ಗುಣಮಟ್ಟದ ಸೇವೆಯೇ ನಮ್ಮ ಧ್ಯೇಯವಾಗಿದೆ. ಎಲ್ಲಾ ವಿಧದ ಮೋಟಾರ್ ಕೆಲಸಗಳನ್ನು ನುರಿತ ತಂತ್ರಜ್ಞರಿಂದ ಕೈಗೆಟಕುವ ದರದಲ್ಲಿ ಮಾಡಿಕೊಡಲಾಗುವುದು. ತಿಪಟೂರು ಮತ್ತು ಸುತ್ತಮುತ್ತ. 24 ಗಂಟೆ ಸೇವೆ ಲಭ್ಯ. ಒಮ್ಮೆ ಭೇಟಿ ನೀಡಿ.’

ಓದಲು ಸೊಗಸಾಗಿದೆ, ಆದರೆ ಕೊಳವೆಬಾವಿಯ ಮುಂದೆ ನಿಂತವನಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ‘ಎಲ್ಲಾ ವಿಧದ ಮೋಟಾರ್’ ಎಂದರೆ ಸಬ್‌ಮರ್ಸಿಬಲ್ ಸೇರಿತೋ, ಮಿಕ್ಸಿಯೂ ಸೇರಿತೋ? ‘ಸುತ್ತಮುತ್ತ’ದೊಳಗೆ ಹೊನ್ನವಳ್ಳಿ ಬರುತ್ತದೆಯೋ ಇಲ್ಲವೋ? ಎಲ್ಲಕ್ಕಿಂತ ಮುಖ್ಯವಾಗಿ, ಎತ್ತುವ ಕೆಲಸ ಅವರದೋ ನಮ್ಮದೋ? ‘ಗುಣಮಟ್ಟ’, ‘ವಿಶ್ವಾಸ’, ‘ನುರಿತ’ ಎಂಬ ಮಾತುಗಳನ್ನು ಪಕ್ಕದ ಅಂಗಡಿಯವರೂ ಬರೆದಿರುತ್ತಾರೆ. ಆದ್ದರಿಂದ ಅವನ್ನು ನೋಡಿ ಯಾರೂ ಯಾರನ್ನೂ ಆರಿಸಲಾರರು.

ತಿದ್ದಲು ಕೂರುವ ಮೊದಲು ಅಂಗಡಿಗೆ ಬರುವ ಫೋನ್‌ಗಳನ್ನು ನೆನಪಿಸಿಕೊಳ್ಳಬೇಕು. ‘ಅಣ್ಣಾ, ನೀವೇ ಬಂದು ಎತ್ತುತ್ತೀರಾ, ಇಲ್ಲ ನಾವೇ ಎತ್ತಿಸಿ ತರಬೇಕಾ?’ ‘ನೊಣವಿನಕೆರೆ ಕಡೆ ಬರ್ತೀರಾ?’ ‘ಸ್ಟಾರ್ಟರೂ ನೋಡ್ತೀರಾ?’ ‘ಭಾನುವಾರ ಇರ್ತೀರಾ?’ ದಿನವೂ ಕೇಳಿಬರುವ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಪರಿಚಯದ ಮುಕ್ಕಾಲು ಪಾಲು ಬರೆದಂತೆಯೇ. ಇನ್ನೊಂದು ಆಧಾರ ಪ್ರೊಫೈಲ್‌ನಲ್ಲೇ ಇದೆ. ಅದರ Performance ವಿಭಾಗದಲ್ಲಿ ಜನ ಯಾವ ಪದಗಳನ್ನು ಹುಡುಕಿ ನಿಮ್ಮ ಅಂಗಡಿಯನ್ನು ಕಂಡರು ಎಂಬ ಪಟ್ಟಿ ಸಿಗುತ್ತದೆ. ಜನ ‘ಬೋರ್‌ವೆಲ್ ಮೋಟಾರ್’ ಎಂದು ಹುಡುಕುತ್ತಿದ್ದರೆ ಪರಿಚಯದಲ್ಲಿ ‘ಜಲಾಂತರ್ಗತ ಪಂಪು’ ಎಂದು ಬರೆಯುವುದರಿಂದ ಲಾಭವಿಲ್ಲ.

ಪರಿಚಯಕ್ಕೆ ಗೂಗಲ್ ಕೊಡುವ ಜಾಗ 750 ಅಕ್ಷರ. ಕನ್ನಡದಲ್ಲಿ ಬರೆಯುವವರು ಇಲ್ಲೊಂದು ಸಂಗತಿ ಗಮನಿಸಬೇಕು. ಕಂಪ್ಯೂಟರ್ ಎಣಿಸುವುದು ನಾವು ಉಚ್ಚರಿಸುವ ಅಕ್ಷರಗಳನ್ನಲ್ಲ. ವ್ಯಂಜನ, ಸ್ವರಚಿಹ್ನೆ, ಒತ್ತಿಗೆ ಬೇಕಾದ ಅರ್ಧಚಿಹ್ನೆ ಇವೆಲ್ಲ ಅದಕ್ಕೆ ಬೇರೆ ಬೇರೆ. ‘ಸ್ಟಾರ್ಟರ್’ ನಮ್ಮ ಬಾಯಿಗೆ ಎರಡು ಮೂರು ಅಕ್ಷರವಾದರೂ ಆ ಲೆಕ್ಕದಲ್ಲಿ ಒಂಬತ್ತಾಗುತ್ತದೆ. ಹೀಗಾಗಿ ಕನ್ನಡದಲ್ಲಿ ಸುಮಾರು ನೂರು ಪದಕ್ಕೆ ಜಾಗ ಮುಗಿಯುತ್ತದೆ. ಇಷ್ಟನ್ನೂ ಎಲ್ಲರೂ ಓದುವುದಿಲ್ಲ. ಫೋನ್ ಪರದೆಯಲ್ಲಿ ಮೊದಲ ಕೆಲವು ಸಾಲು ಮಾತ್ರ ಕಂಡು, ಮಿಕ್ಕದ್ದನ್ನು ಒತ್ತಿ ತೆರೆಯಬೇಕಾಗಬಹುದು. ಆದ್ದರಿಂದ ಮೊದಲ ವಾಕ್ಯದಲ್ಲೇ ಕೆಲಸದ ಹೆಸರು ಇರಬೇಕು. ‘ನಮ್ಮ ಸಂಸ್ಥೆಯು’ ಎಂದು ಶುರುಮಾಡಿದರೆ ಕಾಣುವ ಆ ಸಾಲುಗಳೇ ವ್ಯರ್ಥವಾಗುತ್ತವೆ. ವೆಬ್ ವಿಳಾಸ ಹಾಕುವುದಕ್ಕೂ, ರಿಯಾಯಿತಿ ಮತ್ತು ದರವನ್ನೇ ಮುಂದುಮಾಡಿ ಬರೆಯುವುದಕ್ಕೂ ಗೂಗಲ್ ನಿಯಮ ಒಪ್ಪುವುದಿಲ್ಲ. ಫೋನ್ ನಂಬರಿಗೆ ಬೇರೆಯೇ ಜಾಗವಿದೆ.

ತಿದ್ದಿದ ಪರಿಚಯ ಹೀಗಿರಬಹುದು:

‘ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟಾರ್ ಮತ್ತು ಮೊನೊಬ್ಲಾಕ್ ಪಂಪ್ ರಿವೈಂಡಿಂಗ್, ರಿಪೇರಿ. 15 ಎಚ್‌ಪಿವರೆಗಿನ ಮೋಟಾರ್‌ಗಳು. ಕೊಳವೆಬಾವಿಯಿಂದ ಮೋಟಾರ್ ಎತ್ತುವುದು, ಇಳಿಸುವುದು ನಮ್ಮದೇ ಕೆಲಸ. ಸ್ಟಾರ್ಟರ್, ಪ್ಯಾನೆಲ್ ಬೋರ್ಡ್, ಕೇಬಲ್ ಜಾಯಿಂಟ್ ಸಹ ಮಾಡುತ್ತೇವೆ. ಎತ್ತುವ ಕೆಲಸಕ್ಕೆ ತಿಪಟೂರು ತಾಲ್ಲೂಕಿನ ಕಸಬಾ, ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ ಹೋಬಳಿಗಳಿಗೆ ಬರುತ್ತೇವೆ. ಬೇರೆ ತಾಲ್ಲೂಕಿನವರು ಮೋಟಾರನ್ನು ಅಂಗಡಿಗೆ ತಂದರೆ ರಿವೈಂಡಿಂಗ್ ಮಾಡಿಕೊಡುತ್ತೇವೆ. ಭಾನುವಾರ ಅಂಗಡಿ ಇರುವುದಿಲ್ಲ, ಆದರೆ ಎತ್ತುವ ಕೆಲಸಕ್ಕೆ ಹಿಂದಿನ ದಿನವೇ ಫೋನ್ ಮಾಡಿದರೆ ಬರುತ್ತೇವೆ. ಬೋರ್‌ವೆಲ್ ಕೊರೆಯುವುದಿಲ್ಲ. ಮಿಕ್ಸಿ, ಫ್ಯಾನ್ ರಿಪೇರಿ ಇಲ್ಲ.’

ಕೊನೆಯ ಎರಡು ವಾಕ್ಯಗಳಿಗೆ ಅನೇಕ ಮಾಲೀಕರು ಹಿಂಜರಿಯುತ್ತಾರೆ, ‘ಇಲ್ಲ’ ಎಂದರೆ ಗಿರಾಕಿ ಹೋಗಿಬಿಟ್ಟಾನು ಎಂಬ ಭಯ. ನನಗೆ ಅವು ಬೇಕೇ ಬೇಕು ಅನಿಸುತ್ತದೆ. ‘ಬೋರ್‌ವೆಲ್’ ಎಂಬ ಪದ ಇದ್ದಲ್ಲೆಲ್ಲ ಕೊರೆಸಲು ಹುಡುಕುವವರೂ ಬರುತ್ತಾರೆ. ಅವರು ಫೋನ್ ಮಾಡಿ, ಇಲ್ಲವೆಂದು ಕೇಳಿ, ಬೇಸರದಿಂದ ಇಡುವುದರಲ್ಲಿ ಇಬ್ಬರ ಹೊತ್ತೂ ಹಾಳು.

ಇನ್ನು ಊರುಗಳ ವಿಷಯ. ಪ್ರೊಫೈಲ್‌ನಲ್ಲಿ Service area ಎಂಬ ಪ್ರತ್ಯೇಕ ಜಾಗವಿದೆ. ಮೊದಲಿನ ಹಾಗೆ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯುವಂತಿಲ್ಲ. ಊರು, ಪಿನ್‌ಕೋಡ್ ಇತ್ಯಾದಿಗಳನ್ನು ಹೆಸರಿಸಿ ಗರಿಷ್ಠ 20 ಪ್ರದೇಶ ಸೇರಿಸಬಹುದು. ಒಟ್ಟು ವ್ಯಾಪ್ತಿ ಅಂಗಡಿಯಿಂದ ಸುಮಾರು ಎರಡು ಗಂಟೆಯ ಪ್ರಯಾಣವನ್ನು ಮೀರಬಾರದು ಎಂಬುದು ಗೂಗಲ್‌ನ ಸೂಚನೆ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಇಪ್ಪತ್ತೂ ಜಾಗ ತುಂಬಿಸುವುದು. ತುಮಕೂರು, ಹಾಸನ, ಅರಸೀಕೆರೆ ಎಲ್ಲ ಸೇರಿಸಿದರೆ ಅಲ್ಲಿಯೂ ಮೇಲೆ ಕಾಣಿಸುತ್ತೇವೆ ಎಂಬ ಆಸೆ. ಆದರೆ ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ನೋಡುವುದು ಮುಖ್ಯವಾಗಿ ಮೂರು ಅಂಶ: ಕೇಳಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ದೂರ, ಅಂಗಡಿಯ ಹೆಸರುವಾಸಿತನ. ಪಟ್ಟಿ ಉದ್ದವಾದ ಮಾತ್ರಕ್ಕೆ ತಿಪಟೂರು ಹಾಸನಕ್ಕೆ ಹತ್ತಿರವಾಗುವುದಿಲ್ಲ. ಹಾಸನದಿಂದ ಕರೆ ಬಂದರೂ ಎತ್ತುವ ಗಾಡಿ ಅಷ್ಟು ದೂರ ಹೋಗಿ ಬರುವುದು ಗಿಟ್ಟುವುದಿಲ್ಲ. ಒಂದು ಮೋಟಾರಿಗೆ ಗಾಡಿ, ಆಳು ಎಲ್ಲಿಯವರೆಗೆ ನಷ್ಟವಿಲ್ಲದೆ ಹೋಗಬಲ್ಲವು ಎಂದು ಲೆಕ್ಕ ಹಾಕಿ, ಅಷ್ಟನ್ನೇ ಬರೆಯುವುದು ಸರಿ.

ಹಾಗಾದರೆ ಪರಿಚಯದಲ್ಲಿ ಹೋಬಳಿಗಳನ್ನು ಮತ್ತೆ ಏಕೆ ಬರೆಯಬೇಕು? ನಮ್ಮ ರೈತರು ಜಾಗವನ್ನು ಹೋಬಳಿಯ ಲೆಕ್ಕದಲ್ಲಿ ಗುರುತಿಸುತ್ತಾರೆ, ಗೂಗಲ್ ಪಟ್ಟಿಯಲ್ಲಿ ಸಿಗುವುದು ಹೆಚ್ಚಾಗಿ ಊರು ಮತ್ತು ಪಿನ್‌ಕೋಡ್. ಜೊತೆಗೆ ‘ಇಲ್ಲಿಗೆ ಬರುತ್ತೇವೆ, ಅಲ್ಲಿಯವರು ತಂದರೆ ಮಾಡುತ್ತೇವೆ’ ಎಂಬ ವ್ಯತ್ಯಾಸವನ್ನು ಆ ಪಟ್ಟಿಯಲ್ಲಿ ಹೇಳಲು ಬರುವುದಿಲ್ಲ. ವಾಕ್ಯದಲ್ಲಷ್ಟೇ ಹೇಳಬಹುದು. ಅಂಗಡಿಗೆ ಗಿರಾಕಿ ಬರುವುದೇ ಇಲ್ಲ, ಮನೆಯಿಂದಲೇ ಹೊರಟು ಕೆಲಸ ಮಾಡುವವರು ಎಂದಾದರೆ ವಿಳಾಸವನ್ನು ಮರೆಮಾಡಿ, ಪ್ರದೇಶಗಳನ್ನು ಮಾತ್ರ ತೋರಿಸಬೇಕು. ನಮ್ಮ ಉದಾಹರಣೆಯ ಅಂಗಡಿಗೆ ಶೆಡ್ಡೂ ಬೋರ್ಡೂ ಇರುವುದರಿಂದ ಎರಡನ್ನೂ ತೋರಿಸಬಹುದು.

ತಿದ್ದಿದ ಪರಿಚಯದಲ್ಲಿ ಬಾಗಿಲು ತೆಗೆಯುವ, ಹಾಕುವ ಗಂಟೆ ಇಲ್ಲದಿರುವುದನ್ನು ಗಮನಿಸಿದಿರಾ? ಅದು ಬೇಕೆಂದೇ ಬಿಟ್ಟದ್ದು. ಗಂಟೆಗಳ ಜಾಗ Hours. ‘ಈಗ ತೆರೆದಿದೆ’, ‘ಸ್ವಲ್ಪ ಹೊತ್ತಿನಲ್ಲಿ ಮುಚ್ಚುತ್ತದೆ’ ಎಂದು ಪರದೆಯಲ್ಲಿ ಕಾಣುವುದು ಅಲ್ಲಿ ತುಂಬಿದ ಮಾಹಿತಿಯಿಂದ. ಪರಿಚಯದಲ್ಲೂ ಗಂಟೆ ಬರೆದಿಟ್ಟರೆ, ಮುಂದೆ ಸಮಯ ಬದಲಿಸುವಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಬಹುಮಟ್ಟಿಗೆ ಖಚಿತ. ಆಗ ಓದುವವನಿಗೆ ಎರಡು ಉತ್ತರ ಸಿಕ್ಕಿ ಎರಡರ ಮೇಲೂ ನಂಬಿಕೆ ಹೋಗುತ್ತದೆ. Hours ಜಾಗದಲ್ಲಿ ಹೇಳಲಾಗದ್ದನ್ನು ಮಾತ್ರ, ಎಂದರೆ ಭಾನುವಾರದ ಫೋನಿನ ಏರ್ಪಾಡಿನಂಥದ್ದನ್ನು ಮಾತ್ರ, ಪರಿಚಯಕ್ಕೆ ಬಿಡಬೇಕು.

ಹಳೆಯ ಪರಿಚಯದ ‘24 ಗಂಟೆ ಸೇವೆ’ ಈ ವಿಷಯದಲ್ಲಿ ದೊಡ್ಡ ತೊಡಕು. ಮಾಲೀಕರ ಮನಸ್ಸಿನಲ್ಲಿ ಅದರ ಅರ್ಥ ‘ರಾತ್ರಿಯೂ ಫೋನ್ ತೆಗೆಯುತ್ತೇನೆ’ ಎಂದಿರಬಹುದು. ಓದುವವನಿಗೆ ಮಾತ್ರ ಅಂಗಡಿ ತೆರೆದಿರುತ್ತದೆ ಎಂದೇ ಅರ್ಥ. ಅವನು ನಸುಕಿನಲ್ಲಿ ಮೋಟಾರನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದು ಇಳಿದಿರುವ ಷಟರ್ ನೋಡಿದರೆ, ಮರುಗಳಿಗೆಯಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುವುದು ಅವನ ತಪ್ಪಲ್ಲ. ಶೆಡ್ಡಿನಲ್ಲಿ ಮೋಟಾರ್ ಇಳಿಸಿಕೊಳ್ಳಲು ಆಳು ಇರುವ ಹೊತ್ತೇ ಅಂಗಡಿಯ ಹೊತ್ತು. ಅದು ಬೆಳಿಗ್ಗೆ 9ರಿಂದ ರಾತ್ರಿ 8 ಆಗಿದ್ದು, ಮಧ್ಯಾಹ್ನ 2ರಿಂದ 3ರವರೆಗೆ ಊಟಕ್ಕೆ ಬಾಗಿಲು ಹಾಕುವ ರೂಢಿಯಿದ್ದರೆ, ಒಂದೇ ದಿನಕ್ಕೆ ಎರಡು ಅವಧಿ ಸೇರಿಸುವ ಸೌಲಭ್ಯವಿದೆ: 9ರಿಂದ 2, ಮತ್ತೆ 3ರಿಂದ 8. ದೂರದ ಹಳ್ಳಿಯಿಂದ ಬರುವವರಿಗೆ ಈ ಒಂದು ಗಂಟೆ ಸಣ್ಣದಲ್ಲ.

ಹಬ್ಬದ ದಿನಗಳಿಗೆ Special hours ಎಂಬುದಿದೆ. ಆ ದಿನಾಂಕಕ್ಕಷ್ಟೇ ಬೇರೆ ಸಮಯವನ್ನೋ ರಜೆಯನ್ನೋ ಮುಂಚಿತವಾಗಿ ತುಂಬಿಡಬಹುದು, ಮಾಮೂಲಿ ವೇಳೆಯನ್ನು ಕೆದಕಬೇಕಿಲ್ಲ. ಮೋಟಾರ್ ಅಂಗಡಿಗೆ ಮುಖ್ಯವಾದದ್ದು ಆಯುಧಪೂಜೆ. ಅಂದು ಬೆಳಿಗ್ಗೆ ಬಾಗಿಲು ತೆಗೆದು ಯಂತ್ರಗಳಿಗೆ ಪೂಜೆ ಮಾಡುತ್ತಾರೆ, ಕೆಲಸ ಮಾಡುವುದಿಲ್ಲ. ಗೂಗಲ್‌ಗೆ ಅದು ತಾನಾಗಿ ತಿಳಿಯದು. ಊರ ಜಾತ್ರೆಯೂ ಅಷ್ಟೇ.

ಸೇವೆಗಳಿಗೂ ಪ್ರತ್ಯೇಕ ಪಟ್ಟಿಯಿದೆ. ರಿವೈಂಡಿಂಗ್, ಎತ್ತುವ–ಇಳಿಸುವ ಕೆಲಸ, ಸ್ಟಾರ್ಟರ್ ರಿಪೇರಿ, ಹೀಗೆ ಒಂದೊಂದನ್ನೂ ಬೇರೆಯಾಗಿ ಸೇರಿಸಿ ಚಿಕ್ಕ ವಿವರಣೆ ಕೊಡಬಹುದು. ಪರಿಚಯದಲ್ಲಿ ಹಿಡಿಸದ ವಿವರಗಳಿಗೆ ಅದೇ ಜಾಗ. ಆದರೆ ಈ ಪದಗಳನ್ನು ಅಂಗಡಿಯ ಹೆಸರಿಗೇ ಅಂಟಿಸುವ ಚಾಳಿ ಬೇಡ. ಬೋರ್ಡಿನ ಮೇಲೆ ಇರುವ ಹೆಸರಷ್ಟೇ ಪ್ರೊಫೈಲ್‌ನಲ್ಲಿ ಇರಬೇಕು ಎಂಬುದು ನಿಯಮ. ಹೆಸರಿನ ಮುಂದೆ ‘ಬೆಸ್ಟ್ ಬೋರ್‌ವೆಲ್ ಮೋಟಾರ್ ರಿಪೇರಿ ತಿಪಟೂರು’ ಎಂದು ಸೇರಿಸಿದರೆ ಪ್ರೊಫೈಲೇ ಅಮಾನತಾಗುವ ಅಪಾಯವಿದೆ.

ಬರೆದಾದ ಮೇಲೆ ಪರೀಕ್ಷೆ ಸುಲಭ. ಅಂಗಡಿಯ ಪರಿಚಯವೇ ಇಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು, ‘ಹೊನ್ನವಳ್ಳಿಯಲ್ಲಿ ಮೋಟಾರ್ ಸುಟ್ಟಿದೆ, ಇಂದು ಶನಿವಾರ ಸಂಜೆ, ಏನು ಮಾಡುತ್ತೀರಿ?’ ಎಂದು ಕೇಳಿ. ‘ಈಗಲೇ ಫೋನ್ ಮಾಡಿದರೆ ನಾಳೆ ಬಂದು ಎತ್ತುತ್ತಾರೆ’ ಎಂದು ಅವರು ಪರದೆ ನೋಡಿಯೇ ಹೇಳಿದರೆ ಬರಹ ಸರಿಯಿದೆ. ‘ಫೋನ್ ಮಾಡಿ ಕೇಳಬೇಕು’ ಎಂದರೆ, ಏನನ್ನು ಕೇಳಬೇಕಾಯಿತೋ ಆ ಸಾಲನ್ನು ತಿದ್ದಬೇಕು.

ಒಮ್ಮೆ ತಿದ್ದಿದ್ದು ಹಾಗೆಯೇ ಉಳಿಯುತ್ತದೆ ಎಂದುಕೊಳ್ಳಬಾರದು. ಬದಲಾವಣೆಯನ್ನು ಗೂಗಲ್ ಪರಿಶೀಲಿಸಿದ ಮೇಲೆಯೇ ಅದು ಕಾಣಿಸುತ್ತದೆ, ಕೆಲವೊಮ್ಮೆ ಅದಕ್ಕೆ ದಿನಗಳು ಹಿಡಿಯುತ್ತವೆ. ದಾರಿಹೋಕರೂ ಗಿರಾಕಿಗಳೂ ‘ಈ ಸಮಯ ತಪ್ಪು’ ಎಂದು ತಿದ್ದುಪಡಿ ಸೂಚಿಸಬಹುದು, ಗೂಗಲ್ ಅದನ್ನು ಒಪ್ಪಿ ವೇಳೆಯನ್ನು ಬದಲಿಸಲೂಬಹುದು. ತಿಂಗಳಿಗೊಮ್ಮೆ ನಿಮ್ಮ ಖಾತೆಯಿಂದ ಹೊರಬಂದು, ಬೇರೆ ಫೋನಿನಲ್ಲಿ ಸ್ವಂತ ಅಂಗಡಿಯನ್ನು ಹುಡುಕಿ ನೋಡಿ. ಎತ್ತುವ ಗಾಡಿ ಮಾರಿದ ದಿನ, ಕೆಲಸದ ಹುಡುಗ ಬಿಟ್ಟುಹೋಗಿ ದೂರದ ಹೋಬಳಿಗೆ ಹೋಗುವುದು ನಿಂತ ದಿನ, ಆ ಸಂಜೆಯೇ ಅದಕ್ಕೆ ಸಂಬಂಧಿಸಿದ ಸಾಲನ್ನು ತೆಗೆಯಿರಿ.