ಅಸಲಿನೊಳಗೆ ಸೇರಿಕೊಂಡ ಬಡ್ಡಿ

ಬ್ಯಾಂಕಿನಿಂದ ಬಂದ ಕಾಗದವನ್ನು ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ. “ಸಾರ್, ನಾವು ತಗೊಂಡಿದ್ದು ಆರು ಲಕ್ಷ. ಇದರಲ್ಲಿ ಎಂಟು ಲಕ್ಷದ ಹತ್ತು ಸಾವಿರ ಅಂತ ಬರೆದಿದ್ದಾರೆ. ಎಲ್ಲೋ ತಪ್ಪಾಗಿರಬೇಕಲ್ವಾ?”

ತಿಪಟೂರು ಕಡೆಯವರು, ಬಸ್ ಚಾಲಕರು. ಪಕ್ಕದಲ್ಲಿ ಮಗಳು ಕೂತಿದ್ದಳು. ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ನಾನು ಬ್ಯಾಂಕಿನಲ್ಲಿದ್ದಾಗ ಬಹಳ ವರ್ಷ ಸಾಲದ ವಿಭಾಗದಲ್ಲೇ ಇದ್ದವನಾದ್ದರಿಂದ, ನಿವೃತ್ತಿಯಾದ ಮೇಲೂ ಇಂಥ ಕಾಗದಗಳು ಮನೆಗೆ ಬರುತ್ತವೆ. ಲೆಕ್ಕ ಹಾಕಿ ನೋಡಿದೆ. ತಪ್ಪೇನೂ ಆಗಿರಲಿಲ್ಲ. ಆದರೆ ಐದು ವರ್ಷದಲ್ಲಿ ಒಬ್ಬರಾದರೂ ಇವರಿಗೆ ಕೂರಿಸಿ ಹೇಳಬೇಕಿದ್ದ ವಿಷಯವನ್ನು ಯಾರೂ ಹೇಳಿರಲಿಲ್ಲ.

ಶಿಕ್ಷಣ ಸಾಲ ಮನೆ ಸಾಲದ ಹಾಗಲ್ಲ, ಕೊಟ್ಟ ಮರುತಿಂಗಳೇ ಕಂತು ಕೇಳುವುದಿಲ್ಲ. ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯ ಪ್ರಕಾರ ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಗೆ ಬಿಡುವು. ಇದಕ್ಕೇ ಮೊರಟೋರಿಯಂ ಎನ್ನುತ್ತಾರೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಎಂದರೆ ಒಟ್ಟು ಐದು ವರ್ಷ ಬಿಡುವು. ಬಿಡುವು ಕಂತಿಗೆ ಮಾತ್ರ ಎಂಬುದು ಬಹಳ ಮನೆಗಳಿಗೆ ಗೊತ್ತಾಗುವುದು ಈ ಕಾಗದ ಕೈಸೇರಿದ ದಿನವೇ. ಬಡ್ಡಿಗೆ ಬಿಡುವಿಲ್ಲ. ಮೊದಲ ಶುಲ್ಕ ಕಾಲೇಜಿಗೆ ಸಂದಾಯವಾದ ದಿನದಿಂದಲೇ ಅದು ಬೆಳೆಯತೊಡಗುತ್ತದೆ.

ಈ ಹುಡುಗಿಯ ಲೆಕ್ಕವನ್ನೇ ನೋಡೋಣ. ಬಡ್ಡಿ ದರ ನಡುವೆ ಏರಿಳಿಯುತ್ತಿರುತ್ತದೆ; ಲೆಕ್ಕ ಸುಲಭವಾಗಲಿ ಎಂದು ಉದ್ದಕ್ಕೂ ಶೇಕಡಾ 10 ಎಂದಿಟ್ಟುಕೊಳ್ಳೋಣ. ಆರು ಲಕ್ಷವನ್ನು ಬ್ಯಾಂಕು ಒಂದೇ ಸಲ ಕೊಟ್ಟಿಲ್ಲ, ಪ್ರತಿ ವರ್ಷದ ಆರಂಭಕ್ಕೆ ಒಂದೂವರೆ ಲಕ್ಷದಂತೆ ನೇರವಾಗಿ ಕಾಲೇಜಿಗೆ ಕಳಿಸಿದೆ. ಮೊದಲ ವರ್ಷ ಹೋದ ಒಂದೂವರೆ ಲಕ್ಷಕ್ಕೆ ಪೂರ್ತಿ ಐದು ವರ್ಷದ ಬಡ್ಡಿ, ಅಂದರೆ 75,000 ರೂಪಾಯಿ. ಎರಡನೆಯದಕ್ಕೆ ನಾಲ್ಕು ವರ್ಷದ್ದು, 60,000. ಮೂರನೆಯದಕ್ಕೆ 45,000, ಕೊನೆಯದಕ್ಕೆ 30,000. ಕೂಡಿದರೆ 2,10,000. ಬಿಡುವು ಮುಗಿದ ದಿನ ಬ್ಯಾಂಕು ಇಷ್ಟನ್ನೂ ಅಸಲಿಗೆ ಸೇರಿಸಿ, 8,10,000 ರೂಪಾಯಿಯನ್ನೇ ಹೊಸ ಅಸಲು ಎಂದು ಹಿಡಿದು ಕಂತು ನಿಗದಿ ಮಾಡುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು 10,704 ರೂಪಾಯಿ. ಬರೀ ಆರು ಲಕ್ಷಕ್ಕಾಗಿದ್ದರೆ ಅದು 7,929 ಆಗುತ್ತಿತ್ತು.

ತಿಂಗಳಿಗೆ 2,775 ರೂಪಾಯಿಯ ವ್ಯತ್ಯಾಸ ಹತ್ತು ವರ್ಷಕ್ಕೆ 3,33,000 ಆಗುತ್ತದೆ. ಓದುವಾಗ ಕಟ್ಟದೆ ಉಳಿದ 2,10,000 ರೂಪಾಯಿ ಬಡ್ಡಿಗೆ ಕೊನೆಯಲ್ಲಿ ತೆರುವ ಬೆಲೆ ಇದು.

ಮೊದಲ ಕಂತನ್ನು ಬಿಡಿಸಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. 10,704 ರೂಪಾಯಿಯಲ್ಲಿ 6,750 ಆ ತಿಂಗಳ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು 3,954 ಮಾತ್ರ. ಆ 6,750ರಲ್ಲೂ 1,750 ರೂಪಾಯಿ ಹಳೆಯ ಬಡ್ಡಿಯ ಮೇಲಿನ ಬಡ್ಡಿ. ಹುಡುಗಿ ಈ ಅಂಕಿಗೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತಳು.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಮಾದರಿ ಯೋಜನೆಯ ಪ್ರಕಾರ ಬಿಡುವಿನ ಅವಧಿಯಲ್ಲಿ ಹಾಕಬೇಕಾದದ್ದು ಸರಳ ಬಡ್ಡಿ. ಅಂದರೆ ಆ ಐದು ವರ್ಷ ಬಡ್ಡಿ ಸೇರುತ್ತಾ ಹೋಗುತ್ತದೆಯೇ ಹೊರತು, ಸೇರಿದ ಬಡ್ಡಿ ಮರಿ ಹಾಕುವುದಿಲ್ಲ. ಅಸಲಿಗೆ ಸೇರಿದ ಮರುದಿನದಿಂದ ಮರಿ ಹಾಕತೊಡಗುತ್ತದೆ. ಹಾಗಾಗಿ ಈ ಸಾಲದಲ್ಲಿ ಎಲ್ಲಕ್ಕಿಂತ ದೊಡ್ಡ ತಾರೀಕು ಸಾಲ ತೆಗೆದದ್ದೂ ಅಲ್ಲ, ಮೊದಲ ಕಂತಿನದೂ ಅಲ್ಲ, ಬಡ್ಡಿ ಅಸಲಿಗೆ ಸೇರುವ ಆ ಒಂದು ದಿನ. ಅದಕ್ಕೆ ಮುಂಚೆ ಎಷ್ಟು ಬಡ್ಡಿ ಕಟ್ಟಿದರೆ ಅಷ್ಟರ ಮೇಲೆ ಬಡ್ಡಿಗೆ ಬಡ್ಡಿ ಬೀಳುವುದಿಲ್ಲ.

ಕಟ್ಟುವುದು ಎಷ್ಟು ಭಾರ? ಮೊದಲ ವರ್ಷ ಒಂದೂವರೆ ಲಕ್ಷದ ಬಡ್ಡಿ ತಿಂಗಳಿಗೆ 1,250 ರೂಪಾಯಿ. ಎರಡನೆಯ ವರ್ಷ 2,500, ಮೂರನೆಯ ವರ್ಷ 3,750, ಆಮೇಲೆ 5,000. ಅಷ್ಟೂ ಕಟ್ಟುತ್ತಾ ಬಂದರೆ ಅಸಲು ಆರು ಲಕ್ಷದಲ್ಲೇ ನಿಲ್ಲುತ್ತದೆ. ಹೀಗೆ ತಪ್ಪದೆ ಕಟ್ಟುವವರಿಗೆ ಆ ಅವಧಿಯ ಬಡ್ಡಿಯಲ್ಲಿ ಶೇಕಡಾ 1 ರಿಯಾಯಿತಿ ಕೊಡಬಹುದು ಎಂದು ಮಾದರಿ ಯೋಜನೆಯಲ್ಲೇ ಇದೆ. ಕೊಡುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಸಾಲ ಮಂಜೂರಾಗುವಾಗಲೇ ಕೇಳಿ, ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಬೇಕು.

ಎಲ್ಲರ ಮನೆಯಲ್ಲೂ ತಿಂಗಳಿಗೆ ಐದು ಸಾವಿರ ಉಳಿಯುವುದಿಲ್ಲ, ನನಗೆ ಗೊತ್ತು. ಆದರೆ ಐದು ವರ್ಷವೂ ಆ 1,250 ರೂಪಾಯಿಯನ್ನಷ್ಟೇ ಕಟ್ಟಿದರೂ 75,000 ಬಡ್ಡಿ ತೀರಿರುತ್ತದೆ. ಆಗ ಹೊಸ ಅಸಲು 7,35,000, ಕಂತು 9,713. ಹತ್ತು ವರ್ಷದಲ್ಲಿ ಸುಮಾರು 1,19,000 ರೂಪಾಯಿ ಕಡಿಮೆ ಕಟ್ಟಿದ ಹಾಗಾಯಿತು. ರಿಯಾಯಿತಿ ಸಿಗದ ಕಡೆ ಇನ್ನೊಂದು ದಾರಿಯೂ ಇದೆ. ಬಡ್ಡಿ ಸರಳವಾಗಿದ್ದಾಗ ಅದನ್ನು ಪ್ರತಿ ತಿಂಗಳೂ ಕಟ್ಟಿದರೂ, ಕೊನೆಯ ತಿಂಗಳಲ್ಲಿ ಒಟ್ಟಿಗೆ ಕಟ್ಟಿದರೂ ಬ್ಯಾಂಕಿನ ಲೆಕ್ಕ ಒಂದೇ. ಆದ್ದರಿಂದ ಅದೇ ಹಣವನ್ನು ಆರ್‌.ಡಿ.ಗೆ ಕಟ್ಟುತ್ತಾ ಹೋಗಿ, ಅಸಲಿಗೆ ಸೇರುವ ದಿನಕ್ಕೆ ಮುಂಚೆ ತೆಗೆದು ಬಡ್ಡಿಗೆ ಜಮೆ ಮಾಡಿದರೆ ಆರ್‌.ಡಿ.ಯ ಬಡ್ಡಿ ನಿಮ್ಮದಾಗುತ್ತದೆ. ಕೈಗೆ ಬಂದ ಆರ್‌.ಡಿ. ಹಣ ಬೇರೆ ಖರ್ಚಿಗೆ ಹರಿಯದಂತೆ ನೋಡಿಕೊಳ್ಳುವ ಮನೆಗೆ ಮಾತ್ರ ಈ ದಾರಿ. ಹರಿದುಹೋದದ್ದನ್ನು ನಾನು ಬಹಳ ನೋಡಿದ್ದೇನೆ.

ಇಷ್ಟೆಲ್ಲ ನಿಂತಿರುವುದು ಬಡ್ಡಿ ನಿಜಕ್ಕೂ ಸರಳವೇ ಎಂಬುದರ ಮೇಲೆ. ಎಲ್ಲ ಸಾಲದಾತರೂ ಹಾಗೆ ಮಾಡುವುದಿಲ್ಲ. ಬ್ಯಾಂಕಲ್ಲದ ಕೆಲವು ಹಣಕಾಸು ಸಂಸ್ಥೆಗಳ ಕರಾರಿನಲ್ಲಿ ಬಿಡುವಿನ ಅವಧಿಯಲ್ಲೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ ಇರುತ್ತದೆ. ಇದೇ ಸಾಲಕ್ಕೆ ಹಾಗೆ ಹಾಕಿದರೆ ಐದು ವರ್ಷದ ಕೊನೆಗೆ 8,10,000ದ ಬದಲು 8,55,000 ದಾಟುತ್ತದೆ.

ಇದನ್ನು ಕಂಡುಹಿಡಿಯಲು ಲೆಕ್ಕಿಗರು ಬೇಕಿಲ್ಲ, ಸಾಲದ ಖಾತೆಯ ಸ್ಟೇಟ್‌ಮೆಂಟ್ ಸಾಕು. ಡಿಸೆಂಬರ್ ಮತ್ತು ಜನವರಿ ಎರಡಕ್ಕೂ 31 ದಿನ. ಆ ನಡುವೆ ಹೊಸದಾಗಿ ಹಣ ಬಿಡುಗಡೆಯಾಗದೆ, ದರವೂ ಬದಲಾಗದೆ ಇದ್ದರೆ ಎರಡು ತಿಂಗಳ ಬಡ್ಡಿಯೂ ಒಂದೇ ಇರಬೇಕು. ಆಗಸ್ಟ್ ಒಂದಕ್ಕೆ ಒಂದೂವರೆ ಲಕ್ಷ ಹೋಗಿದ್ದರೆ ಸರಳ ಬಡ್ಡಿಯಲ್ಲಿ ಡಿಸೆಂಬರಿಗೂ 1,274 ರೂಪಾಯಿ, ಜನವರಿಗೂ 1,274 ರೂಪಾಯಿ. ಚಕ್ರಬಡ್ಡಿಯಾದರೆ ಡಿಸೆಂಬರಿನಲ್ಲಿ 1,317 ಇದ್ದದ್ದು ಜನವರಿಯಲ್ಲಿ 1,328 ಆಗಿರುತ್ತದೆ. ಹನ್ನೊಂದೇ ರೂಪಾಯಿ, ಆದರೆ ಕರಾರಿನ ಗುಣವನ್ನೇ ಅದು ಹೇಳುತ್ತದೆ. ಮಂಜೂರಾತಿ ಪತ್ರದಲ್ಲಿ ಸರಳ ಬಡ್ಡಿ ಎಂದಿದ್ದೂ ಜನವರಿಯ ಅಂಕಿ ಹೆಚ್ಚಿದ್ದರೆ, ಎರಡನ್ನೂ ಲಗತ್ತಿಸಿ ಶಾಖೆಗೆ ಲಿಖಿತ ದೂರು ಕೊಡಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

ಕೆಲವು ಮನೆಗಳು ಈ ಬಡ್ಡಿಯನ್ನು ಕಟ್ಟಬೇಕಾಗಿಯೇ ಇರುವುದಿಲ್ಲ. ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುತ್ತಿದ್ದರೆ ಓದಿನ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಅದರ ನೋಡಲ್ ಬ್ಯಾಂಕ್ ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಲ್ಲಿ ಓದುವವರ ಕುಟುಂಬದ ವರಮಾನ ಎಂಟು ಲಕ್ಷದವರೆಗಿದ್ದರೂ, ಹತ್ತು ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇಕಡಾ 3ರ ಬಡ್ಡಿ ನೆರವು ಇದೆ. ಬೇಡಿಕೆ ಸಲ್ಲಿಸದೆ ಇದು ತಾನಾಗಿ ಖಾತೆಗೆ ಬರುವುದಿಲ್ಲ. ವರಮಾನ ಪ್ರಮಾಣಪತ್ರ ಮಾಡಿಸಿ ಬ್ಯಾಂಕಿಗೆ ಕೊಟ್ಟು, ಸ್ಟೇಟ್‌ಮೆಂಟಿನಲ್ಲಿ ಸಹಾಯಧನ ಜಮೆಯಾಗಿದೆಯೇ ಎಂದು ಅಸಲಿಗೆ ಸೇರುವ ದಿನಕ್ಕೆ ಮುಂಚೆಯೇ ನೋಡಬೇಕು. ಚಾಲಕರ ಸಂಬಳ ನಾಲ್ಕೂವರೆ ಲಕ್ಷ ದಾಟಿತ್ತು, ಹಾಗಾಗಿ ಇವರಿಗೆ ಹಳೆಯ ಯೋಜನೆ ಸಿಗುವಂತಿರಲಿಲ್ಲ.

ವಿಷಯ ಉಳಿದ ವಿಷಯಗಳಾಗಿ ಕೋರ್ಸು ಆರು ತಿಂಗಳು ಮುಂದಕ್ಕೆ ಹೋದರೆ ಬ್ಯಾಂಕಿನ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಅದು ಹಳೆಯ ತಾರೀಕಿಗೇ ಬಡ್ಡಿ ಸೇರಿಸಿ ಕಂತು ಶುರುಮಾಡುತ್ತದೆ. ಕಾಲೇಜಿನ ಪತ್ರದ ಜತೆ ಅವಧಿ ವಿಸ್ತರಣೆ ಕೇಳುವುದು ಮುಂಚೆಯೇ ಆಗಬೇಕು, ಇಲ್ಲದಿದ್ದರೆ ಕಂತು ತಪ್ಪಿದ ಗುರುತು ಮಕ್ಕಳ ಜತೆ ಜಂಟಿ ಸಾಲಗಾರರಾದ ತಂದೆ ತಾಯಿಯ ಸಿಬಿಲ್ ಮೇಲೂ ಬೀಳುತ್ತದೆ.

“ಈಗ ನಾವೇನೂ ಮಾಡೋಕಾಗಲ್ವಾ ಸಾರ್?” ಎಂದರು ಚಾಲಕರು. ಸೇರಿದ ಬಡ್ಡಿಯನ್ನು ಅಸಲಿನಿಂದ ಬಿಡಿಸುವುದು ಸಾಧ್ಯವಿಲ್ಲ. ಆದರೆ ಬದಲಾಗುವ ಬಡ್ಡಿ ದರದ ಇಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ ಆದೇಶವಿದೆ. “ನೋಡಮ್ಮ, ಕಂತಿನ ಜತೆ ತಿಂಗಳಿಗೆ ಎರಡು ಸಾವಿರವೋ ಮೂರು ಸಾವಿರವೋ ಹೆಚ್ಚಿಗೆ ಹಾಕ್ತಾ ಹೋಗು. ಅದು ಪೂರ್ತಿ ಅಸಲಿಗೆ ಜಮೆಯಾಗಬೇಕು ಅಂತ ಶಾಖೆಗೆ ಬರೆದುಕೊಡು” ಎಂದೆ.

ಅವಳು ತಲೆಯಾಡಿಸಿ ಫೋನಿನಲ್ಲಿ ಇನ್ನೊಂದು ಖಾತೆ ತೆರೆದಳು. ತಮ್ಮ ಮೊದಲ ವರ್ಷದಲ್ಲಿದ್ದ, ಅವನದೂ ಒಂದೂವರೆ ಲಕ್ಷ ಬಿಡುಗಡೆಯಾಗಿತ್ತು. ಬೆರಳಿನಿಂದ ಸ್ಟೇಟ್‌ಮೆಂಟ್ ಸರಿಸುತ್ತಾ ಹೋಗಿ ನಿಂತಳು. “ಅಪ್ಪ, ಡಿಸೆಂಬರ್ ಜನವರಿ ಎರಡೂ ಒಂದೇ ಇದೆ” ಎಂದು ಫೋನನ್ನು ಅವರ ಕಡೆ ತಿರುಗಿಸಿದಳು. ಅವರು ಕನ್ನಡಕ ಹಾಕಿಕೊಂಡು ಎರಡೂ ಸಾಲುಗಳನ್ನು ಓದಿ, ಜೇಬಿನಿಂದ ಪೆನ್ನು ತೆಗೆದರು. ಮಗನ ಬಡ್ಡಿ ಅಸಲಿಗೆ ಸೇರುವ ತಾರೀಕು ಯಾವುದು ಎಂದು ಕೇಳಿ, ಮಗಳ ಕಾಗದದ ಹಿಂಬದಿಯಲ್ಲಿ ಬರೆದುಕೊಂಡರು.